ಚಾರ್ಟಿಗೆ ದಪ್ಪ ಯಾಕೆ ಬೇಕು? 3ಡಿ ಮತ್ತು ನೆರಳಿನ ಮೇಲೆ ನನ್ನ ತಕರಾರು

(1/9)

ದೋಸ್ತರೇ, ಇವತ್ತು ಫೋಟೋ ನೋಡಿ ಲೈಕ್ ಒತ್ತಿ ಹೋಗಬ್ಯಾಡ್ರಿ. ಸ್ವಲ್ಪ ನಿಂತು ಓದ್ರಿ. ಒಂಬತ್ತು ಪೋಸ್ಟ್ ಇವೆ, ಎಲ್ಲವೂ ಒಂದೇ ಜಗಳಕ್ಕೆ ಸೇರಿದವು.

ಮೊದಲ ಫೋಟೋದಲ್ಲಿ ಇರೋ ಚಾರ್ಟ್ ನಂದೇ. ಹೋದ ಸೆಮಿಸ್ಟರ್ ಸೆಮಿನಾರಿಗೆ ಮಾಡಿದ್ದು. ವಿಷಯ ಸಾಕ್ಷರತೆ. 2011ರ ಜನಗಣತಿ ಪ್ರಕಾರ ನಮ್ಮ ರಾಯಚೂರು ಜಿಲ್ಲೆಯಲ್ಲಿ ಗಂಡಸರ ಸಾಕ್ಷರತೆ ಶೇ. 70.47, ಹೆಂಗಸರದು ಶೇ. 48.73. ಇಡೀ ರಾಜ್ಯದ್ದು ಗಂಡಸರು 82.47, ಹೆಂಗಸರು 68.08. ನಾಲ್ಕೇ ನಾಲ್ಕು ಅಂಕಿ. ನಾನು ಎಕ್ಸೆಲ್ ತೆಗೆದು, ಇರೋದರಲ್ಲೇ ಭಾರಿ ಕಾಣೋ ಚಾರ್ಟ್ ಆರಿಸಿದೆ. ಅದರ ಹೆಸರು `3-D Column`. ನೀಲಿ ಕಂಬ, ಕೇಸರಿ ಕಂಬ, ಹಿಂದೆ ಗೋಡೆ, ಕೆಳಗೆ ನೆಲ. ಮೇಲಿಂದ ಒಂಚೂರು ನೆರಳು ಕೂಡ ಹಾಕಿದೆ. ಸಿನಿಮಾ ಪೋಸ್ಟರ್ ಥರ ಬಂತು. ನನಗೆ ನಾನೇ ಶಭಾಷ್ ಅಂದುಕೊಂಡೆ.

ಪ್ರೊಜೆಕ್ಟರ್ ಮೇಲೆ ಅದು ಬಂದ ಕೂಡಲೇ ಹಿಂದಿನ ಬೆಂಚಿನಿಂದ ನಮ್ಮ ಕ್ಲಾಸಿನ ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: "ನಮ್ಮ ಕಂಬ ಎಲ್ಲೈತಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪರದೆ ಕಡೆ ತಿರುಗಿ ನೋಡಿದೆ. ಆಕೆ ಹೇಳಿದ್ದು ಖರೇನೇ ಇತ್ತು. ಗಂಡಸರ ಎತ್ತರದ ಕಂಬ ಮುಂದೆ ನಿಂತಿತ್ತು. ಹೆಂಗಸರ ಗಿಡ್ಡ ಕಂಬ ಅದರ ಹಿಂದೆ ಸಿಕ್ಕಿಬಿದ್ದಿತ್ತು. ಪಕ್ಕದಲ್ಲಿ ಒಂದು ಸಣ್ಣ ಪಟ್ಟಿಯಷ್ಟೇ ಕಾಣ್ತಿತ್ತು. ಜಿಲ್ಲೆಯ ಅರ್ಧ ಜನರ ಅಂಕಿಯನ್ನು ತೋರಿಸೋಕೆ ಅಂತ ನಿಂತವನು, ಅದನ್ನೇ ಮುಚ್ಚಿಟ್ಟಿದ್ದೆ.

ಅವತ್ತಿಂದ ಶುರುವಾದ ತಕರಾರು ಇದು. ನನ್ನ ಮಾತು ಇಷ್ಟೇ: ಚಾರ್ಟಿಗೆ ಹಾಕೋ ಸುಳ್ಳು ದಪ್ಪ, ಸುಳ್ಳು ನೆರಳು ಅಲಂಕಾರ ಅಲ್ಲ. ಅದು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುತ್ತೆ. ಹಿಂದೆ ನಿಂತವರು ಯಾವಾಗಲೂ ಕಳಕೊಳ್ತಾರೆ.

(2/9)

"ಹಂಗಾದ್ರ ಹೆಂಗಸರ ಕಂಬ ಮುಂದೆ ತಂದುಬಿಡು, ಮುಗೀತು" ಅಂತ ಗೆಳೆಯ ಹೇಳಿದ. ತಂದೆ. ಈಗ ಎರಡೂ ಕಂಬ ಕಂಡವು. ಆದ್ರೆ ಹೊಸ ತೊಂದರೆ ಬಂತು.

ಆ ಚಿತ್ರವನ್ನು ನಾವು ಸ್ವಲ್ಪ ಮೇಲಿಂದ ನೋಡ್ತಾ ಇರ್ತೀವಿ, ಮಾಳಿಗೆ ಮೇಲೆ ನಿಂತು ಅಂಗಳ ನೋಡಿದ ಹಾಗೆ. ಹಾಗೆ ನೋಡುವಾಗ ಹತ್ತಿರದ ವಸ್ತುವಿನ ಬುಡ ಪರದೆಯ ಮೇಲೆ ಕೆಳಗೆ ಬರುತ್ತೆ, ದೂರದ ವಸ್ತುವಿನ ಬುಡ ಮೇಲೆ ಹೋಗುತ್ತೆ. ಅಂದ್ರೆ ಮುಂದೆ ಬಂದ ಹೆಂಗಸರ ಕಂಬ ಪೂರ್ತಿ ಕೆಳಕ್ಕೆ ಇಳಿಯಿತು. ಹಿಂದಿನ ಗಂಡಸರ ಕಂಬ ಪೂರ್ತಿ ಮೇಲಕ್ಕೆ ಏರಿತು. ಎರಡರ ತುದಿಗಳ ನಡುವಿನ ಅಂತರ ಈಗ ಇರೋದಕ್ಕಿಂತ ದೊಡ್ಡದಾಗಿ ಕಾಣಿಸುತ್ತೆ. ಮೊದಲು ಅಂತರವನ್ನು ಮುಚ್ಚಿದ್ದೆ, ಈಗ ಅದನ್ನೇ ಉಬ್ಬಿಸಿದೆ. ಅಂಕಿ ಮಾತ್ರ ಎರಡು ಸಲನೂ ಅದೇ, 21.74.

ಹೆಂಗಸರ ಪರವಾಗಿ ಉಬ್ಬಿದ್ರೆ ಒಳ್ಳೇದೇ ಅಲ್ವಾ ಅನ್ನಬೇಡ್ರಿ. ಇರೋ ಅಂತರವೇ ಸಾಕಷ್ಟು ದೊಡ್ಡದು. ರಾಜ್ಯದಲ್ಲಿ ಆ ಅಂತರ 14.39, ನಮ್ಮ ಜಿಲ್ಲೆಯಲ್ಲಿ 21.74. ಅದನ್ನು ಇದ್ದ ಹಾಗೆ ತೋರಿಸಿದರೇ ನೋಡಿದವರ ಎದೆಗೆ ನಾಟುತ್ತೆ. ಉಬ್ಬಿಸಿದೆ ಅಂತ ಯಾರಾದರೂ ಪತ್ತೆ ಹಚ್ಚಿದರೆ, ಖರೇ ಅಂಕಿಯನ್ನೂ ನಂಬಲ್ಲ.

ಸರಿ, ಹಿಂದೆ ಮುಂದೆ ಬೇಡ, ಪಕ್ಕ ಪಕ್ಕ ನಿಲ್ಲಿಸೋಣ ಅಂತ `3-D Clustered Column` ಹಾಕಿದೆ. ಯಾರೂ ಯಾರನ್ನೂ ಮುಚ್ಚಲ್ಲ. ಆದರೂ ತಪ್ಪು ಹೋಗಲಿಲ್ಲ. ಅಳತೆಯ ಗೆರೆಗಳು ಇರೋದು ಹಿಂದಿನ ಗೋಡೆ ಮೇಲೆ. ಕಂಬ ನಿಂತಿರೋದು ಗೋಡೆಯಿಂದ ಮುಂದೆ. ಹಾಗಾಗಿ ಕಂಬದ ತುದಿ ತನ್ನ ಗೆರೆಗಿಂತ ಕೆಳಗೆ ಕಾಣುತ್ತೆ.

ನಂಬಿಕೆ ಬರದಿದ್ರೆ ಈಗಲೇ ಮಾಡಿ ನೋಡ್ರಿ. ಎಕ್ಸೆಲ್‌ನಲ್ಲಿ ಒಂದೇ ಒಂದು ಅಂಕಿ ಟೈಪ್ ಮಾಡ್ರಿ: 50. ಪಕ್ಕದಲ್ಲಿ 100. 3ಡಿ ಕಂಬ ಹಾಕ್ರಿ. 50ರ ಕಂಬದ ಮುಂದಿನ ಅಂಚು 50ರ ಗೆರೆ ಮುಟ್ಟುತ್ತಾ ನೋಡ್ರಿ. ಮುಟ್ಟಲ್ಲ. ಸರಿಯಾಗಿ 50 ಇರೋದನ್ನೇ 50 ಅಂತ ತೋರಿಸಲಾರದ ಚಿತ್ರ, 48.73 ಅನ್ನು ಎಲ್ಲಿಂದ ತೋರಿಸೀತು?

(3/9)

ಈಗ ಪೈ ಚಾರ್ಟ್. ನಮ್ಮ ಪ್ರಾಜೆಕ್ಟುಗಳಲ್ಲಿ ಇದರದ್ದೇ ಹಾವಳಿ. ಮೂರು ತಾಲೂಕು ಅಂದ ಕೂಡಲೇ ಮೂರು ಬಣ್ಣದ ದಪ್ಪನೆ ಚಕ್ರ, ಓರೆಯಾಗಿ ಮಲಗಿಸಿದ್ದು.

ಇದನ್ನು ತಿಳಿಯೋಕೆ ಕಂಪ್ಯೂಟರ್ ಬೇಡ, ರೊಟ್ಟಿ ಸಾಕು. ಎರಡನೇ ಮತ್ತು ಮೂರನೇ ಫೋಟೋ ನೋಡ್ರಿ. ಮಸ್ಕಿಯಲ್ಲಿ ನಮ್ಮ ದೋಸ್ತನ ಮನೆಯಲ್ಲಿ ತೆಗೆದದ್ದು. ದುಂಡಗಿನ ಒಂದು ಕಟಕ್ ಜೋಳದ ರೊಟ್ಟಿ. ಅದರ ಮೇಲೆ ಸ್ಕೆಚ್ ಪೆನ್ನಿಂದ ಮೂರು ಗೆರೆ ಎಳೆದೆವು. ನಡುವಿನಿಂದ ಶುರು ಮಾಡಿ, ಒಂದು ಗಡಿಯಾರದ 12ರ ಕಡೆ, ಒಂದು 4ರ ಕಡೆ, ಒಂದು 8ರ ಕಡೆ. ಮೂರೂ ಪಾಲು ಸಮ. ಅವರವ್ವ "ತಿನ್ನೋ ರೊಟ್ಟಿ ಮ್ಯಾಲ ಬರೀತೀರೇನು" ಅಂತ ಬೈದದ್ದು ಬೇರೆ ವಿಷಯ.

ಎರಡನೇ ಫೋಟೋ ನೆಟ್ಟಗೆ ಮೇಲಿಂದ. ಮೂರೂ ಸಮ ಕಾಣ್ತವೆ, ಒಂದು ಮಾತೂ ಇಲ್ಲ.

ಮೂರನೇ ಫೋಟೋ ನೆಲದ ಮೇಲೆ ಊಟಕ್ಕೆ ಕೂತಾಗ ಕಣ್ಣಿಗೆ ಕಾಣೋ ಹಾಗೆ, ಓರೆಯಾಗಿ. ನಮ್ಮ ಕಡೆ ಇರೋ ಪಾಲು ಅಗಲವಾಗಿ ಹರಡಿಕೊಂಡಿದೆ. ಆಚೆ ಕಡೆಯ ಎರಡೂ ಪಾಲು ಮುದುಡಿಕೊಂಡಿವೆ. ಯಾರೂ ರೊಟ್ಟಿ ಮುರಿದಿಲ್ಲ, ನಾವು ಕೂತ ಜಾಗ ಮಾತ್ರ ಬದಲಾಯಿತು.

ಲೆಕ್ಕ ಹಾಕೋರಿಗೆ ಲೆಕ್ಕ. ಎಕ್ಸೆಲ್‌ನ 3ಡಿ ಪೈ ಸಾಮಾನ್ಯವಾಗಿ 30 ಡಿಗ್ರಿ ಓರೆಯಿಂದ ನೋಡಿದ ಹಾಗೆ ಬರುತ್ತೆ. ಆ ಓರೆಯಲ್ಲಿ ವೃತ್ತದ ಅಗಲ ಹಾಗೇ ಉಳಿದು, ಎತ್ತರ ಅರ್ಧ ಆಗುತ್ತೆ. ಯಾಕಂದ್ರೆ sin 30° ಅಂದ್ರೆ ಅರ್ಧ. ನಿಜದಲ್ಲಿ ಮೂರೂ ಪಾಲಿನ ಕೋನ 120 ಡಿಗ್ರಿ. ಪರದೆಯ ಮೇಲೆ ಮುಂದಿನ ಪಾಲಿನ ಕೋನ ಸುಮಾರು 148 ಡಿಗ್ರಿ ಆಗುತ್ತೆ, ಹಿಂದಿನ ಎರಡಕ್ಕೂ 106 ಡಿಗ್ರಿ ಉಳಿಯುತ್ತೆ. ಪೈ ಚಾರ್ಟ್ ಓದೋರು ಬಹಳಷ್ಟು ಮಟ್ಟಿಗೆ ಕೋನ ನೋಡಿಯೇ ಪಾಲು ಅಂದಾಜು ಮಾಡ್ತಾರೆ. ಆ ಕೋನವನ್ನೇ ನಾವು ಕೆಡಿಸಿದ್ದೀವಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಹೀಗೆ ಚಪ್ಪಟೆ ಮಾಡಿದಾಗ ಮೂರೂ ಪಾಲಿನ ಮೇಲ್ಮೈ ವಿಸ್ತೀರ್ಣ ಒಂದಕ್ಕೊಂದು ಸಮವಾಗೇ ಉಳಿಯುತ್ತೆ, ಕೋನ ಮಾತ್ರ ಕೆಡುತ್ತೆ. "ಹಂಗಾದ್ರ ಪರವಾಗಿಲ್ಲ" ಅಂತ ಅನ್ನೋಕೆ ಮೊದಲು ಮುಂದಿನ ಪೋಸ್ಟ್ ಓದ್ರಿ.

(4/9)

ರೊಟ್ಟಿ ತೆಳು. 3ಡಿ ಪೈ ದಪ್ಪ. ಅದು ರೊಟ್ಟಿ ಅಲ್ಲ, ಬರ್ತ್‌ಡೇ ಕೇಕ್.

ಕೇಕನ್ನು ಓರೆಯಾಗಿ ನೋಡಿದಾಗ ಮುಂದಿನ ಪಾಲಿನ ಮೇಲ್ಮೈ ಜೊತೆ ಅದರ ಗೋಡೆಯೂ ಕಾಣುತ್ತೆ. ಹಿಂದಿನ ಪಾಲುಗಳ ಗೋಡೆ ಬಹುಪಾಲು ಆಚೆ ಕಡೆ ಇರುತ್ತೆ, ಕಾಣಲ್ಲ. ಚಾರ್ಟಿನಲ್ಲಿ ಈ ಗೋಡೆಗೂ ಅದೇ ಪಾಲಿನ ಬಣ್ಣ ಬಳಿದಿರ್ತಾರೆ. ಕಣ್ಣು ಗೋಡೆ ಬೇರೆ, ಮೇಲ್ಮೈ ಬೇರೆ ಅಂತ ಲೆಕ್ಕ ಇಡಲ್ಲ. ಬಣ್ಣ ಎಷ್ಟು ಕಂಡಿತೋ ಅಷ್ಟು ದೊಡ್ಡದು ಅಂತ ತಗೊಳ್ಳುತ್ತೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಅಂತ ಮೂರು ಸಾಲು ಬರೆದು, ಮೂರಕ್ಕೂ ಒಂದೇ ಅಂಕಿ ಕೊಡೋಣ. ಯಾವ ಅಂಕಿ ಆದ್ರೂ ಸರಿ, ಮೂರೂ ಒಂದೇ ಇರಬೇಕು. ಎಕ್ಸೆಲ್ ಮೊದಲ ಪಾಲನ್ನು 12 ಗಂಟೆಯ ಜಾಗದಿಂದ ಶುರು ಮಾಡಿ, ಗಡಿಯಾರದ ಮುಳ್ಳು ಹೋಗೋ ದಿಕ್ಕಿಗೆ ಹೋಗುತ್ತೆ. ಸಿಂಧನೂರು 12ರಿಂದ 4ರವರೆಗೆ. ಲಿಂಗಸುಗೂರು 4ರಿಂದ 8ರವರೆಗೆ. ಮಸ್ಕಿ 8ರಿಂದ 12ರವರೆಗೆ. ಅಂದ್ರೆ ಪಟ್ಟಿಯಲ್ಲಿ ನಡುವೆ ಬರೆದ ಲಿಂಗಸುಗೂರು, ಚಿತ್ರದಲ್ಲಿ ನಮ್ಮ ಎದುರಿಗೇ ಬಂದು ಕೂರುತ್ತೆ.

ಕೇಕಿನ ತ್ರಿಜ್ಯ 10 ಸೆಂ.ಮೀ, ದಪ್ಪ 3 ಸೆಂ.ಮೀ ಅಂತ ಇಟ್ಟುಕೊಳ್ಳಿ. 30 ಡಿಗ್ರಿ ಓರೆಯಲ್ಲಿ ಪ್ರತಿ ಪಾಲಿನ ಮೇಲ್ಮೈ ಸುಮಾರು 52 ಚದರ ಸೆಂ.ಮೀ ಕಾಣುತ್ತೆ. ಇಲ್ಲಿಯವರೆಗೆ ಸಮ. ಈಗ ಗೋಡೆ. ಲಿಂಗಸುಗೂರಿನ ಪಾಲಿಗೆ ಸುಮಾರು 45 ಚದರ ಸೆಂ.ಮೀ ಗೋಡೆ ಕಾಣುತ್ತೆ. ಸಿಂಧನೂರಿಗೆ ಮೂರೂವರೆ, ಮಸ್ಕಿಗೆ ಮೂರೂವರೆ. ಕೂಡಿಸಿದರೆ ಲಿಂಗಸುಗೂರು 97, ಉಳಿದ ಎರಡೂ ತಲಾ 56.

ಶೇಕಡಾದಲ್ಲಿ ಹೇಳಬೇಕಂದ್ರೆ, ಕಣ್ಣಿಗೆ ಬೀಳೋ ಬಣ್ಣದಲ್ಲಿ ಲಿಂಗಸುಗೂರಿಗೆ 47, ಸಿಂಧನೂರಿಗೆ 27, ಮಸ್ಕಿಗೆ 27. ನಿಜದ ಪಾಲು ಮೂರಕ್ಕೂ 33.

ಈಗ ಪಟ್ಟಿಯಲ್ಲಿ ಹೆಸರುಗಳ ಜಾಗ ಬದಲಿಸ್ರಿ. ಮಸ್ಕಿಯನ್ನು ನಡುವೆ ಬರೆಯಿರಿ. ಕೂಡಲೇ ಮಸ್ಕಿ ದೊಡ್ಡ ತಾಲೂಕು. ಇಲ್ಲವೇ `Angle of first slice` ಅನ್ನೋ ಜಾಗದಲ್ಲಿ ಅಂಕಿ ಬದಲಿಸಿ ಚಕ್ರ ತಿರುಗಿಸ್ರಿ, ಸಿಂಧನೂರು ಗೆಲ್ಲುತ್ತೆ. ಒಂದು ಅಂಕಿಯನ್ನೂ ಮುಟ್ಟದೆ, ಒಂದು ಸುಳ್ಳನ್ನೂ ಬರೆಯದೆ, ಯಾರು ದೊಡ್ಡವರು ಅಂತ ನೀವೇ ತೀರ್ಮಾನ ಮಾಡಬಹುದು. ಇದಕ್ಕೆ ನಾನು ಅಲಂಕಾರ ಅನ್ನಲ್ಲ. ತಕ್ಕಡಿಯ ತಟ್ಟೆ ಕೆಳಗೆ ಬೆರಳು ಇಡೋದು ಅಂತೀನಿ.

(5/9)

"ಇದೆಲ್ಲ ಕಾಲೇಜ್ ಪಿಪಿಟಿ ಕಥೆ, ದೊಡ್ಡವರು ಹಿಂಗ ಮಾಡಲ್ಲ" ಅಂತ ಅಂದುಕೊಂಡಿದ್ರೆ, ಕೇಳ್ರಿ.

2008ರ ಜನವರಿ. ಮ್ಯಾಕ್‌ವರ್ಲ್ಡ್ ವೇದಿಕೆ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅಮೆರಿಕದ ಸ್ಮಾರ್ಟ್‌ಫೋನ್ ಮಾರುಕಟ್ಟೆಯ ಒಂದು ಪೈ ಚಾರ್ಟ್ ತೋರಿಸಿದರು. 3ಡಿ, ಓರೆ, ಹೊಳಪು, ಎಲ್ಲ ಇತ್ತು. ಅದರಲ್ಲಿ ಬ್ಲ್ಯಾಕ್‌ಬೆರಿ ಮಾಡುತ್ತಿದ್ದ ರಿಮ್ ಕಂಪನಿಗೆ 39 ಶೇಕಡಾ. ಆಪಲ್‌ಗೆ 19.5. "ಇತರೆ" ಅನ್ನೋ ಪಾಲಿಗೆ 21.2. ಉಳಿದದ್ದು ಪಾಮ್, ಮೊಟೊರೊಲಾ, ನೋಕಿಯಾ.

ಆಪಲ್‌ನ 19.5 ಇದ್ದದ್ದು ಚಕ್ರದ ಮುಂಭಾಗದಲ್ಲಿ, ನೋಡುವವರ ಎದುರಿಗೆ. "ಇತರೆ"ಯ 21.2 ಇದ್ದದ್ದು ಹಿಂದೆ. ಚಿತ್ರ ನೋಡಿದವರಿಗೆ ಆಪಲ್‌ನ ಪಾಲು "ಇತರೆ"ಗಿಂತ ಸ್ಪಷ್ಟವಾಗಿ ದೊಡ್ಡದಾಗಿ ಕಾಣುತ್ತೆ. ಅಂಕಿ ಪ್ರಕಾರ ಅದು ಚಿಕ್ಕದು.

ಅಂಕಿಗಳನ್ನು ಚಾರ್ಟಿನ ಮೇಲೇ ಬರೆದಿದ್ದರು. ಸುಳ್ಳು ಬರೆದಿರಲಿಲ್ಲ. ಆದರೂ ಚಿತ್ರ ಒಂದು ಹೇಳುತ್ತೆ, ಅಂಕಿ ಇನ್ನೊಂದು ಹೇಳುತ್ತೆ. ಸಭೆಯಲ್ಲಿ ಕೂತವರು ಸೆಕೆಂಡುಗಳಲ್ಲಿ ಯಾವುದನ್ನು ನೋಡ್ತಾರೆ? ಚಿತ್ರವನ್ನು. ಇವತ್ತಿಗೂ ಚಾರ್ಟ್ ಬಗ್ಗೆ ಪಾಠ ಮಾಡೋರು ಈ ಚಿತ್ರವನ್ನು ಕೆಟ್ಟ ಉದಾಹರಣೆ ಅಂತ ತೋರಿಸ್ತಾರೆ.

ಕಣ್ಣಿನ ಈ ದೌರ್ಬಲ್ಯ ಹೊಸದಾಗಿ ಕಂಡುಹಿಡಿದದ್ದಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಅನ್ನೋ ಇಬ್ಬರು 1984ರಲ್ಲೇ ಇದರ ಮೇಲೆ ಪ್ರಯೋಗ ಮಾಡಿ ಬರೆದರು. ಅವರ ಮಾತಿನ ಸಾರ ಇಷ್ಟು. ಒಂದೇ ನೆಲದ ಮೇಲೆ ನಿಂತ ಎರಡು ತುದಿಗಳಲ್ಲಿ ಯಾವುದು ಎಷ್ಟು ಮೇಲೆ ಅಂತ ಹೇಳೋದರಲ್ಲಿ ನಾವು ಜಾಣರು. ಕೋನ ಹೋಲಿಸೋದರಲ್ಲಿ ಅಷ್ಟು ಜಾಣರಲ್ಲ. ವಿಸ್ತೀರ್ಣದಲ್ಲಿ ಇನ್ನೂ ಹಿಂದೆ, ಗಾತ್ರದಲ್ಲಿ ಅದಕ್ಕಿಂತಲೂ ಹಿಂದೆ. ಸಾದಾ ಬಾರ್ ಚಾರ್ಟ್ ನಮ್ಮ ಕಣ್ಣಿಗೆ ಸುಲಭದ ಕೆಲಸ ಕೊಡುತ್ತೆ. 3ಡಿ ಮಾಡಿದ ಕೂಡಲೇ ಅದೇ ಕಣ್ಣಿಗೆ ಕಷ್ಟದ ಕೆಲಸ ಕೊಟ್ಟ ಹಾಗೆ. ಹೆಚ್ಚು ತಿಳಿಸೋಕಂತೂ ಅಲ್ಲ.

(6/9)

ನೆರಳು. "3ಡಿ ಬಿಟ್ಟೆ, ನೆರಳಾದ್ರೂ ಇರಲಿ" ಅನ್ನೋರು ಬಹಳ ಮಂದಿ.

ಲಿಂಗಸುಗೂರಿನಲ್ಲಿ ಒಂದು ಕಾರ್ಯಕ್ರಮಕ್ಕೆ ಫ್ಲೆಕ್ಸ್ ಮಾಡಿಸೋಕೆ ಹೋಗಿದ್ದೆವು. ಚಾರ್ಟ್ ಸಾದಾ ಇತ್ತು, ಅಡ್ಡಡ್ಡ ಪಟ್ಟಿಗಳದ್ದು. ಡಿಸೈನ್ ಮಾಡೋ ಅಣ್ಣ ಅದನ್ನು ನೋಡಿ, "ಇದು ಎದ್ದು ಕಾಣಲ್ಲ ತಮ್ಮಾ" ಅಂತ ಹೇಳಿ ಪ್ರತಿ ಪಟ್ಟಿಗೂ ಬಲಕ್ಕೆ, ಕೆಳಕ್ಕೆ ಒಂದು ಕಪ್ಪು ನೆರಳು ಕೊಟ್ಟ. ಪ್ರೀತಿಯಿಂದಲೇ ಕೊಟ್ಟ. ಅವನ ತಪ್ಪು ಅನ್ನಲ್ಲ. ಅವನಿಗೆ ಅದು ಮದುವೆ ಬ್ಯಾನರಿನ ಅಕ್ಷರಕ್ಕೆ ಕೊಡೋ ನೆರಳಿನ ಹಾಗೆಯೇ.

ಆದರೆ ಅಕ್ಷರ ಬೇರೆ, ಪಟ್ಟಿ ಬೇರೆ. ಮದುವೆ ಬ್ಯಾನರಿನಲ್ಲಿ ಅಕ್ಷರಕ್ಕೆ ನೆರಳು ಬಿದ್ದರೆ ವರನ ಹೆಸರು ಬದಲಾಗಲ್ಲ. ಬಾರ್ ಚಾರ್ಟಿನಲ್ಲಿ ಪಟ್ಟಿ ಎಲ್ಲಿಗೆ ಮುಗಿಯಿತು ಅನ್ನೋದೇ ಅದರ ಅರ್ಥ. ಆ ತುದಿಗೆ ನೆರಳು ಹಚ್ಚಿದರೆ, ಮುಗಿದದ್ದು ಎಲ್ಲಿ ಅಂತ ಗೊತ್ತಾಗಲ್ಲ.

ಅಳತೆ ಹಾಕೋಣ. 100 ಅಂದ್ರೆ 10 ಸೆಂ.ಮೀ ಇರೋ ಚಾರ್ಟ್. ನೆರಳು ಬಲಕ್ಕೆ 2 ಮಿ.ಮೀ. ಅಂದ್ರೆ ಪ್ರತಿ ಪಟ್ಟಿಗೂ ಎರಡು ಅಂಕ ಪುಕ್ಕಟೆ. ಎಲ್ಲರಿಗೂ ಸಮನಾಗಿ ಎರಡು ಕೊಟ್ಟರೆ ಅನ್ಯಾಯ ಏನು ಅಂತ ಕೇಳಬಹುದು. ಅನ್ಯಾಯ ಐತಿ. 50ರ ಪಟ್ಟಿ 52 ಆದ್ರೆ ನೂರಕ್ಕೆ ನಾಲ್ಕರಷ್ಟು ಬೆಳೆಯಿತು. 5ರ ಪಟ್ಟಿ 7 ಆದ್ರೆ ನೂರಕ್ಕೆ ನಲವತ್ತರಷ್ಟು ಬೆಳೆಯಿತು. ಮೊದಲು ಒಂದು ಇನ್ನೊಂದರ ಹತ್ತು ಪಟ್ಟು ಇತ್ತು, ಈಗ ಏಳು ಪಟ್ಟು ಚಿಲ್ಲರೆ. ಅಂತರ ಕಡಿಮೆ ಆದ ಹಾಗೆ ಕಾಣುತ್ತೆ.

ನೆರಳಿನ ಇನ್ನೊಂದು ತೊಂದರೆ ಅದರ ಮಸುಕು. ಅಂಚು ಗಟ್ಟಿಯಾಗಿ ಮುಗಿಯಲ್ಲ, ನಿಧಾನಕ್ಕೆ ಕರಗುತ್ತೆ. ಫೋನ್ ಪರದೆಯಲ್ಲಿ ಪರವಾಗಿಲ್ಲ ಅನಿಸಬಹುದು. ಅದನ್ನೇ ಕಪ್ಪು ಬಿಳುಪು ಝೆರಾಕ್ಸ್ ಮಾಡಿಸಿ ನೋಡ್ರಿ. ಗಾಢ ಬಣ್ಣದ ಪಟ್ಟಿ, ಅದರ ನೆರಳು ಎರಡೂ ಒಂದೇ ಕಪ್ಪಾಗಿ ಅಂಟಿಕೊಳ್ತವೆ. ಆಗ ಅದು ನೆರಳು ಅಂತಲೂ ಉಳಿಯಲ್ಲ, ಪಟ್ಟಿಯೇ ಉದ್ದ ಆಗಿಬಿಡುತ್ತೆ. ಊರಲ್ಲಿ ಕೈಯಿಂದ ಕೈಗೆ ಹೋಗೋದು ಝೆರಾಕ್ಸ್ ಪ್ರತಿಯೇ ಅನ್ನೋದು ನೆನಪಿರಲಿ.

(7/9)

ಒಂದು ಮಿಲಿಮೀಟರ್‌ಗೆ ಇಷ್ಟು ಗಲಾಟೆ ಯಾಕೆ ಅಂತ ಅನಿಸಿದರೆ, ಮಸ್ಕಿಗೆ ಬರ್ರಿ.

2018ರ ವಿಧಾನಸಭಾ ಚುನಾವಣೆ, ಮಸ್ಕಿ ಕ್ಷೇತ್ರ. ಗೆದ್ದವರಿಗೆ 60,387 ಮತ. ಎರಡನೇ ಸ್ಥಾನಕ್ಕೆ 60,174. ಅಂತರ 213. ನಮ್ಮ ಕಡೆ ಈ 213 ಯಾರಿಗೂ ಮರೆತಿಲ್ಲ.

ಇದಕ್ಕೆ ಸಾದಾ ಬಾರ್ ಚಾರ್ಟ್ ಹಾಕ್ರಿ, ಗೆದ್ದವರ ಕಂಬ 10 ಸೆಂ.ಮೀ ಎತ್ತರ ಇರಲಿ. ಸೋತವರ ಕಂಬ ಅದಕ್ಕಿಂತ ಎಷ್ಟು ಗಿಡ್ಡ? ಸುಮಾರು 0.35 ಮಿ.ಮೀ. ಪೆನ್ಸಿಲ್ ಗೆರೆಯ ದಪ್ಪದಷ್ಟು. ಈಗ ಇದನ್ನು 3ಡಿ ಮಾಡಿದರೆ ಏನಾಗುತ್ತೆ? ಒಂದು ಕಂಬ ಮುಂದೆ, ಒಂದು ಹಿಂದೆ ನಿಂತರೆ ಹಿಂದಿನದು ಪರದೆಯ ಮೇಲೆ ಮೇಲಕ್ಕೆ ಏರುತ್ತೆ ಅಂತ ಎರಡನೇ ಪೋಸ್ಟಿನಲ್ಲಿ ನೋಡಿದೆವು. ಆ ಏರಿಕೆ 0.35 ಮಿ.ಮೀ.ಗಿಂತ ಎಷ್ಟೋ ಪಟ್ಟು ದೊಡ್ಡದು. ಅಂದ್ರೆ ಗೆದ್ದವರನ್ನು ಮುಂದೆ ಇಟ್ಟರೆ, ಸೋತವರ ಕಂಬದ ತುದಿ ಮೇಲೆ ಕಾಣುತ್ತೆ. ಚಾರ್ಟ್ ಫಲಿತಾಂಶವನ್ನೇ ತಿರುಗಿಸಿಬಿಟ್ಟಿತು!

ಈ ಅಂತರವನ್ನು ದೊಡ್ಡದು ಮಾಡಿ ತೋರಿಸೋಣ ಅಂತ ಅಳತೆಯನ್ನು ಸೊನ್ನೆ ಬಿಟ್ಟು 60,000ದಿಂದ ಶುರು ಮಾಡಬೇಡ್ರಿ. ಆಗ ಉಳಿಯೋದು 387 ಮತ್ತು 174. ಒಬ್ಬರು ಇನ್ನೊಬ್ಬರ ಎರಡು ಪಟ್ಟಿಗಿಂತ ಜಾಸ್ತಿ ಗೆದ್ದ ಹಾಗೆ ಕಾಣುತ್ತೆ. ಅದು ಇನ್ನೊಂದು ಸುಳ್ಳು. ಖರೇ ಏನು ಅಂದ್ರೆ, ಇಬ್ಬರೂ ಬಹುತೇಕ ಸಮ. ಸಾದಾ ಚಾರ್ಟ್ ಅದನ್ನೇ ತೋರಿಸುತ್ತೆ: ಎರಡು ಕಂಬ, ಕಣ್ಣಿಗೆ ಒಂದೇ ಎತ್ತರ. ಅದರ ಪಕ್ಕದಲ್ಲಿ "ಅಂತರ 213" ಅಂತ ಬರೆದರೆ ಕಥೆ ಪೂರ್ತಿ.

ಮೂರು ವರ್ಷಕ್ಕೆ, 2021ರ ಏಪ್ರಿಲ್‌ನಲ್ಲಿ, ಅದೇ ಮಸ್ಕಿಯಲ್ಲಿ ಉಪಚುನಾವಣೆ. ಅದೇ ಇಬ್ಬರು ಎದುರಾಳಿಗಳು. ಈ ಸಲ ಗೆದ್ದವರಿಗೆ 86,337, ಎರಡನೇ ಸ್ಥಾನಕ್ಕೆ 55,731. ಅಂತರ 30,606. ಸಾದಾ ಚಾರ್ಟಿನಲ್ಲಿ 10 ಸೆಂ.ಮೀ ಎದುರು ಆರೂವರೆ ಸೆಂ.ಮೀ. ಬಸ್ಸಿನ ಕಿಟಕಿಯಿಂದ ನೋಡಿದರೂ ಗೊತ್ತಾಗುತ್ತೆ.

2018ರದ್ದು ಕೂದಲೆಳೆಯ ಅಂತರ, 2021ರದ್ದು ದೊಡ್ಡ ಅಂತರ. ಎರಡೂ ಚಾರ್ಟ್ ಅಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಒಂದೇ ನೋಟಕ್ಕೆ ಸಿಗಬೇಕು. ದಪ್ಪ, ನೆರಳು ಹಾಕಿದ ಮೇಲೆ ಎರಡೂ ಚಾರ್ಟ್ ಬರೀ ಬಣ್ಣದ ಡಬ್ಬಿಗಳ ಸಾಲು.

(8/9)

ಈಗ ನೀವು ಕಾಮೆಂಟಿನಲ್ಲಿ ಹಾಕೋ ಮಾತುಗಳಿಗೆ ನಾನೇ ಮೊದಲು ಉತ್ತರ ಕೊಟ್ಟುಬಿಡ್ತೀನಿ.

"ಅಂಕಿ ಮೇಲೇ ಬರೆದಿದ್ದೀನಲ್ಲ, ಚಿತ್ರ ಹೆಂಗಿದ್ರೇನು?" ಅಂಕಿ ಓದಿಯೇ ತಿಳ್ಕೊಬೇಕು ಅಂದ್ರೆ ಚಿತ್ರ ಯಾಕೆ? ನಾಲ್ಕು ಸಾಲಿನ ಪಟ್ಟಿ ಹಾಕಿದ್ರೆ ಸಾಕಿತ್ತು. ಚಾರ್ಟ್ ಹಾಕೋದೇ ಓದೋಕೆ ಮೊದಲು ಕಣ್ಣಿಗೆ ತಿಳಿಯಲಿ ಅಂತ. ಕಣ್ಣಿಗೆ ಒಂದು, ಬಾಯಿಗೆ ಒಂದು ಹೇಳೋ ಚಾರ್ಟ್ ಆಪಲ್‌ನ ಆ ಚಕ್ರದ ತಮ್ಮ.

"ಸಾದಾ ಚಾರ್ಟ್ ಹಾಕಿದ್ರೆ ಶ್ರಮ ಪಟ್ಟಿಲ್ಲ ಅಂತಾರೆ, ಮಾರ್ಕ್ಸ್ ಬರಲ್ಲ." ಇದು ಖರೇ ಭಯ, ನನಗೂ ಇತ್ತು. ಆದರೆ 3ಡಿ ಮಾಡೋಕೆ ಎಷ್ಟು ಶ್ರಮ? ಒಂದು ಕ್ಲಿಕ್. ಶ್ರಮ ಇರೋದು ಬೇರೆ ಕಡೆ. ಅಂಕಿ ಎಲ್ಲಿಂದ ಬಂತು, ಯಾವ ವರ್ಷದ್ದು ಅಂತ ಕೆಳಗೆ ಬರೆಯೋದು. ಕಂಬಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸೋದು. "ಸಾಕ್ಷರತಾ ಪ್ರಮಾಣ" ಅಂತ ಒಣ ತಲೆಬರಹ ಬಿಟ್ಟು "ರಾಯಚೂರಿನಲ್ಲಿ ಹೆಂಗಸರು 21.74 ಅಂಕ ಹಿಂದೆ" ಅಂತ ಬರೆಯೋದು. ನಾನು ಅದೇ ಸೆಮಿನಾರಿನ ಚಾರ್ಟ್ ಸಾದಾ ಮಾಡಿ, ಈ ತಲೆಬರಹ ಹಾಕಿ ಮತ್ತೊಮ್ಮೆ ತೋರಿಸಿದೆ. ಮೊದಲ ಸಲ ಕ್ಲಾಸ್ ಚಾರ್ಟ್ ನೋಡಿ ನಕ್ಕಿತ್ತು. ಎರಡನೇ ಸಲ ಯಾಕೆ ಹಿಂಗೈತಿ ಅಂತ ಜಗಳ ಶುರುವಾಯಿತು. ನನಗೆ ಬೇಕಾಗಿದ್ದು ಆ ಜಗಳವೇ.

"ಎಲ್ಲರೂ ಹಾಕ್ತಾರೆ, ಪೇಪರಿನವರು, ಟಿವಿಯವರು, ಆಫೀಸಿನವರು." ಹಾಕ್ತಾರೆ. ಅದಕ್ಕೇ ಜಗಳ ಮಾಡ್ತಿರೋದು. ನಮ್ಮ ತಾಲೂಕಿಗೆ ಎಷ್ಟು ಬಂತು, ಪಕ್ಕದ ತಾಲೂಕಿಗೆ ಎಷ್ಟು ಹೋಯಿತು ಅಂತ ನಾಳೆ ಯಾರಾದರೂ ನಿಮಗೆ ಓರೆ ಚಕ್ರ ತೋರಿಸಿದರೆ, ಮೊದಲು ಕೇಳಬೇಕಾದ್ದು: ಮುಂದೆ ಕೂತಿರೋ ಪಾಲು ಯಾರದ್ದು?

(9/9)

3ಡಿ ಎಲ್ಲಾ ಕಡೆ ತಪ್ಪಾ? ಅಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ಗೊತ್ತಲ್ಲ. ನೆಲದೊಳಗೆ ಅದಿರು ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಇದೆ ಅಂತ ತೋರಿಸಬೇಕಾದರೆ ಮೂರು ಆಯಾಮ ಬೇಕೇ ಬೇಕು. ಅಲ್ಲಿ ಮೂರನೇ ಆಯಾಮಕ್ಕೆ ಅರ್ಥ ಇದೆ, ಅದರ ಹೆಸರು ಆಳ. ಸಾಕ್ಷರತೆಯ ಕಂಬದ ದಪ್ಪಕ್ಕೆ ಏನು ಹೆಸರು? ಏನೂ ಇಲ್ಲ. ಹೆಸರಿಲ್ಲದ ದಪ್ಪ ಇರಬಾರದು. ನನ್ನ ನಿಯಮ ಇಷ್ಟೇ.

ಈಗ ರಿಪೇರಿ. ಹಳೇ ಚಾರ್ಟ್ ಬಿಸಾಕಬೇಕಿಲ್ಲ. ಎಕ್ಸೆಲ್‌ನಲ್ಲಿ ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ `Change Chart Type` ಒತ್ತಿ, `Clustered Column` ಆರಿಸ್ರಿ. ಹೆಸರುಗಳು ಉದ್ದ ಇದ್ದರೆ `Clustered Bar`, ಆಗ ಕನ್ನಡದ ಊರ ಹೆಸರು ಓರೆಯಾಗದೆ ನೆಟ್ಟಗೆ ಓದೋಕೆ ಬರುತ್ತೆ. ಆಮೇಲೆ ಕಂಬದ ಮೇಲೆ ರೈಟ್ ಕ್ಲಿಕ್, `Format Data Series`, ಅದರಲ್ಲಿ `Effects`, `Shadow`, `No Shadow`. ಕೊನೆಗೆ ಅಳತೆಯ ಅಕ್ಷದ `Minimum` ಸೊನ್ನೆ ಇದೆಯಾ ನೋಡ್ರಿ, ಇಲ್ಲದಿದ್ದರೆ 0 ಟೈಪ್ ಮಾಡ್ರಿ. ಎರಡು ನಿಮಿಷದ ಕೆಲಸ.

ಪೈ ಚಾರ್ಟೇ ಬೇಕು ಅಂತ ಹಟ ಇದ್ದರೆ, ಸಾದಾ `Pie` ಹಾಕ್ರಿ. ಮೂರು ನಾಲ್ಕು ಪಾಲಿಗಿಂತ ಜಾಸ್ತಿ ಇದ್ದರೆ ಬಾರ್‌ಗೇ ಬರ್ರಿ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡ್ರಿ. ಚಾರ್ಟಿನ ಮೇಲಿನ ಅಂಕಿಗಳನ್ನು ಬೆರಳಿಂದ ಮುಚ್ಚಿ, ಗೆಳೆಯನಿಗೆ ತೋರಿಸಿ ಕೇಳ್ರಿ: "ಯಾವುದು ದೊಡ್ಡದು, ಅಂದಾಜು ಎಷ್ಟು?" ಅವನು ಹೇಳಿದ್ದು ಖರೇ ಅಂಕಿಯ ಹತ್ತಿರ ಇದ್ದರೆ ಚಾರ್ಟ್ ಪಾಸ್. ದೂರ ಇದ್ದರೆ ಗೆಳೆಯನನ್ನು ಬೈಬ್ಯಾಡ್ರಿ, ತಪ್ಪು ಚಾರ್ಟಿಂದು.

ಕೊನೆಯ ಫೋಟೋ ಆ ಸಾದಾ ಚಾರ್ಟ್. ಗೋಡೆ ಇಲ್ಲ, ನೆಲ ಇಲ್ಲ, ನೆರಳಿಲ್ಲ. 70.47 ಮತ್ತು 48.73, ಅಕ್ಕಪಕ್ಕ ನಿಂತಿವೆ. ಅವತ್ತು ಕೈ ಎತ್ತಿದವಳಿಗೆ ಕಳಿಸಿದೆ. "ಈಗ ಕಾಣ್ತು. ಆದ್ರ ಇಷ್ಟು ಗಿಡ್ಡ ಐತೇನು?" ಅಂತ ಬರೆದಳು.

ಐತಿ. ಅದನ್ನೇ ಎಲ್ಲರೂ ನೋಡಬೇಕಾಗಿರೋದು.

ನಿಮ್ಮ ಪ್ರಾಜೆಕ್ಟಿನ 3ಡಿ ಚಾರ್ಟ್ ಇದ್ದರೆ ಡಿಎಂ ಮಾಡ್ರಿ. ಹೆಸರು ಹಾಕಲ್ಲ, ಮರ್ಯಾದೆ ತೆಗೆಯಲ್ಲ. ಸಾದಾ ಮಾಡಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ವಾಪಸ್ ಕಳಿಸ್ತೀನಿ. ಯಾವುದು ಖರೇ ಹೇಳುತ್ತೆ ಅಂತ ನೀವೇ ಹೇಳ್ರಿ.

#ಸಿಂಧನೂರು #ಲಿಂಗಸುಗೂರು #ಮಸ್ಕಿ #ರಾಯಚೂರು #ಸಾದಾಚಾರ್ಟ್ #ನೆರಳುಬೇಡ